ಕಪಾಟಿನೊಳಗೊಂದು ಆಫೀಸು, ಅದಕ್ಕೊಂದಿಷ್ಟು ಗಾಳಿ

ಮಲಗುವ ಕೋಣೆಯಲ್ಲಿ ಆಫೀಸಿನ ಮೇಜು ಇಡುವುದು ದೊಡ್ಡ ವಿಷಯ ಅಲ್ಲ. ಸಂಜೆ ಅದು ಕಣ್ಣಿಗೆ ಬೀಳದ ಹಾಗೆ ಮಾಡುವುದೇ ಕಷ್ಟ. ಉಡುಪಿಯಲ್ಲಿ ಇನ್ನೂ ಒಂದು ತೊಡಕು ಉಂಟು. ಕಾಣದ ಹಾಗೆ ಮಾಡಬೇಕಾದರೆ ಮುಚ್ಚಬೇಕು. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನನ್ನು ಮುಚ್ಚಿಟ್ಟರೂ ಬೂಷ್ಟು ಹಿಡಿಯುತ್ತದೆ. ಚಪ್ಪಲಿ, ಬೆಲ್ಟು, ರೇಷ್ಮೆ ಸೀರೆ, ಮದುವೆ ಆಲ್ಬಂ, ಯಾವುದನ್ನೂ ಅದು ಬಿಡುವುದಿಲ್ಲ. ಲ್ಯಾಪ್‌ಟಾಪು, ಹೆಡ್‌ಫೋನು ಅದಕ್ಕೆ ಯಾವ ಲೆಕ್ಕ?

ಮುಚ್ಚಲೂ ಬೇಕು, ಗಾಳಿಯೂ ಆಡಬೇಕು. ನಮ್ಮ ಕೋಣೆಯ ಮೂಲೆಯ ಅಳತೆ, ಬಾಗಿಲು, ಪ್ಲೈವುಡ್ಡು, ವಯರು, ಎಲ್ಲವೂ ಈ ಎರಡು ಬೇಡಿಕೆಗಳ ನಡುವೆ ನಿರ್ಧಾರವಾದದ್ದು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಚಂದದ ವಿಡಿಯೋ ನೋಡಿಕೊಂಡು ಹಾಗೆಯೇ ಮಾಡಿಸಿದರೆ ಇಲ್ಲಿ ನಡೆಯುವುದಿಲ್ಲ. ಅಲ್ಲಿಯ ಗೋಡೆ ಬೇರೆ, ಮಳೆಯೂ ಬೇರೆ. ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಆ ನಾಲ್ಕೇ ತಿಂಗಳಲ್ಲಿ.

ಮೊದಲು ಗೋಡೆಯ ವಿಷಯ. ಚಿಕ್ಕ ಕೋಣೆ ಅಂದ ಕೂಡಲೇ ಎಲ್ಲರೂ ಹೇಳುವುದು ಮಡಚುವ ಮೇಜು. ಗೋಡೆಗೆ ಎರಡು ಬ್ರಾಕೆಟ್, ಅದರ ಮೇಲೊಂದು ಹಲಗೆ, ಕೆಲಸ ಮುಗಿದ ಮೇಲೆ ಕೆಳಗೆ ಇಳಿಸಿದರೆ ಆಯ್ತು. ಕೇಳಲು ಚಂದ. ಆದರೆ ನಮ್ಮದು ಹಳೆಯ ಮನೆ, ಗೋಡೆ ಪೂರ್ತಿ ಮುರಕಲ್ಲು. ಮುರಕಲ್ಲು ಭಾರವನ್ನು ಮೇಲಿನಿಂದ ಚೆನ್ನಾಗಿಯೇ ಹೊರುತ್ತದೆ, ಇಡೀ ಮನೆಯೇ ಅದರ ಮೇಲೆ ನಿಂತಿದೆ. ಸ್ಕ್ರೂವನ್ನು ಹೊರಕ್ಕೆ ಎಳೆದಾಗ ಮಾತ್ರ ಅದಕ್ಕೆ ಹಿಡಿತವಿಲ್ಲ. ಕಲ್ಲಿನೊಳಗೆಲ್ಲ ತೂತು, ಮೆತ್ತಗಿನ ಮಣ್ಣು. ಡ್ರಿಲ್ ಹಾಕುವಾಗಲೇ ಗೊತ್ತಾಗುತ್ತದೆ. ಬಿಟ್ ಸರಾಗವಾಗಿ ಒಳಗೆ ಹೋಗುತ್ತದೆ, ಕೆಂಪು ಪುಡಿ ಸುರಿಯುತ್ತದೆ, ತೂತು ಉರುಟಾಗಿ ಬರುವ ಬದಲು ಮೊಟ್ಟೆಯಾಕಾರಕ್ಕೆ ಅಗಲವಾಗುತ್ತದೆ. ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಗೇ ತಿರುಗುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಕುರ್ಚಿಯಿಂದ ಏಳುವಾಗ ಮೇಜಿನ ಅಂಚಿಗೆ ಕೈ ಊರುತ್ತೇವೆ. ಆಗ ಅಲ್ಲಿ ಬೀಳುವ ಭಾರ 30 ಕೆ.ಜಿ. ಅಂತ ಇಟ್ಟುಕೊಳ್ಳಿ. ಹಲಗೆ ಗೋಡೆಯಿಂದ 50 ಸೆಂ.ಮೀ. ಮುಂದೆ ಚಾಚಿದೆ, ಬ್ರಾಕೆಟ್ ಗೋಡೆಯ ಮೇಲೆ 20 ಸೆಂ.ಮೀ. ಎತ್ತರ ಇದೆ. ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳುವ ಬಲ 30 ಅಲ್ಲ, 75 ಕೆ.ಜಿ. ಆಗುತ್ತದೆ. ಕಾಂಕ್ರೀಟಿನ ಗೋಡೆಗೆ ಇದು ಏನೂ ಅಲ್ಲ. ಮುರಕಲ್ಲಿನಲ್ಲಿ ದಿನಾ ಹತ್ತು ಸಲ ಹೀಗೆ ಎಳೆದರೆ ತೂತು ಸಡಿಲಾಗುತ್ತಲೇ ಹೋಗುತ್ತದೆ. ತೂತಿಗೆ ಜಾಲರಿಯ ಕೊಳವೆ ಹಾಕಿ ಕೆಮಿಕಲ್ ಆಂಕರ್ ಅನ್ನುವ ಗಟ್ಟಿಯಾಗುವ ಅಂಟು ತುಂಬಿಸಬಹುದು, ಅಥವಾ ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು ಬೋಲ್ಟು ಹೊಡೆಯಬಹುದು. ನಮ್ಮ ಕೋಣೆಯ ಆಚೆ ಬದಿಯಲ್ಲಿ ದೇವರ ಕೋಣೆ ಇದೆ. ಅಲ್ಲಿ ಬೋಲ್ಟಿನ ತಲೆ ಹೊರಬರುವುದನ್ನು ಅತ್ತೆಯವರಿಗೆ ವಿವರಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹಾಗಾಗಿ ಭಾರ ಗೋಡೆಗೆ ಹೋಗುವುದೇ ಬೇಡ, ನೆಲಕ್ಕೆ ಹೋಗಲಿ ಅಂತ ಆಯ್ತು. ನೆಲಕ್ಕೆ ಭಾರ ಕೊಡುವ, ಬಾಗಿಲು ಇರುವ ವಸ್ತು ಮಲಗುವ ಕೋಣೆಯಲ್ಲಿ ಹೇಗೂ ಇರುತ್ತದಲ್ಲ, ಬಟ್ಟೆ ಕಪಾಟು. ಅದರದ್ದೇ ಒಂದು ಭಾಗ ಆಫೀಸು. ಮೇಜಿನ ಹಲಗೆ ಕಪಾಟಿನ ಎರಡು ಬದಿಯ ಹಲಗೆಗಳ ಮೇಲೆ ಕೂರುತ್ತದೆ, ಅವು ನೆಲದ ಮೇಲೆ ನಿಲ್ಲುತ್ತವೆ. ಗೋಡೆಗೆ ಇರುವುದು ಒಂದೇ ಕೆಲಸ, ಕಪಾಟು ಮುಂದಕ್ಕೆ ವಾಲದ ಹಾಗೆ ಮೇಲ್ಗಡೆ ಹಿಡಿದುಕೊಳ್ಳುವುದು. ಅದಕ್ಕೆ ಒಂದು ಮರದ ರೀಪನ್ನು ನಾಲ್ಕಾರು ಕಡೆ ಉದ್ದದ ಸ್ಕ್ರೂ ಹಾಕಿ ಗೋಡೆಗೆ ಕೂರಿಸಿ, ಕಪಾಟನ್ನು ಆ ರೀಪಿಗೆ ಕಟ್ಟಿದರೆ ಮುರಕಲ್ಲಿಗೂ ಸಾಕಾಗುತ್ತದೆ.

ನಮ್ಮ ಕೋಣೆ 10 ಅಡಿಗೆ 11 ಅಡಿ. 10 ಅಡಿ ಅಂದರೆ 305 ಸೆಂ.ಮೀ. ಕಪಾಟಿನ ಆಳ 60. ಮಂಚದ ಅಗಲ 5 ಅಡಿ, ಅಂದರೆ 152. ಮಂಚವನ್ನು ಆಚೆ ಗೋಡೆಗೆ ಪೂರ್ತಿ ಒತ್ತಿ ಇಡುವ ಹಾಗಿಲ್ಲ. ಅದು ಹೊರಗಿನ ಗೋಡೆ, ಮಳೆಗಾಲದಲ್ಲಿ ತಣ್ಣಗೆ ಬೆವರುತ್ತದೆ, ಹಾಸಿಗೆಯ ಅಂಚಿಗೆ ಬೂಷ್ಟು ಬರುತ್ತದೆ. ಅಲ್ಲಿ 8 ಸೆಂ.ಮೀ. ಬಿಟ್ಟೆವು. ಉಳಿದದ್ದು 85 ಸೆಂ.ಮೀ. ಕುರ್ಚಿ ಹಾಕಿ ಕುಳಿತು, ಹಿಂದೆ ಸರಿದು ಏಳಲು ಇಷ್ಟು ಸಾಕು. ಆದರೆ ನಾನು ಕುಳಿತಿರುವಾಗ ಹಿಂದಿನಿಂದ ಯಾರೂ ದಾಟುವ ಹಾಗಿಲ್ಲ, ಮಂಚ ಹತ್ತಿಯೇ ಹೋಗಬೇಕು. ನಿಮ್ಮಲ್ಲಿ ಈ ಜಾಗ 75ಕ್ಕಿಂತ ಕಡಿಮೆ ಬಂದರೆ ಕಪಾಟಿನ ಆಫೀಸು ಬೇಡ. ಮಂಚವನ್ನು ಚಿಕ್ಕದು ಮಾಡಿ, ಇಲ್ಲವೇ ಬೇರೆ ಕೋಣೆ ನೋಡಿ.

ಕಪಾಟು ನಿಂತಿರುವುದು ಒಳಗಿನ ಗೋಡೆಗೆ. ಇದು ಅನುಕೂಲಕ್ಕೆ ಸಿಕ್ಕಿದ ಜಾಗ ಅಲ್ಲ, ಬೇಕೆಂದೇ ಆರಿಸಿದ್ದು. ಮಳೆ ಹೊಡೆಯುವ ಗೋಡೆಗೆ, ಅದರಲ್ಲೂ ನೈಋತ್ಯ ಕಡೆಯ ಗೋಡೆಗೆ ಕಪಾಟು ತಾಗಿಸಿ ಇಟ್ಟರೆ ಹಿಂದಿನ ತೆಳು ಪ್ಲೈ ನೀರು ಕುಡಿದು ಉಬ್ಬುತ್ತದೆ. ಒಳಗಿನ ಗೋಡೆಯಾದರೂ ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇವೆ. ಅದು ಹೊರಗೆ ಕಾಣದ ಹಾಗೆ ಬದಿಗೆ ಒಂದು ಪಟ್ಟಿ ಬಂದಿದೆ, ಮೇಲೆ ಕೆಳಗೆ ತೆರೆದೇ ಇದೆ.

ಆಫೀಸಿನ ಭಾಗ 4 ಅಡಿ ಅಗಲ, ಕಿಟಕಿಯ ಕಡೆಯ ಮೂಲೆಯಲ್ಲಿ. ಮೂರು ಅಡಿಯಲ್ಲೂ ಮಾಡಬಹುದು, ಆದರೆ ಎರಡೂ ಮೊಣಕೈ ಬದಿಯ ಹಲಗೆಗೆ ತಾಗುತ್ತಿದ್ದರೆ ಟೈಪು ಮಾಡುವುದೇ ಹಿಂಸೆ. ಆಳದ ಲೆಕ್ಕ ಹೀಗೆ: ಒಟ್ಟು 60ರಲ್ಲಿ ಬಾಗಿಲಿಗೆ 2, ಹಿಂದಿನ ಖಾಲಿ ಜಾಗಕ್ಕೂ ಪ್ಲೈಗೂ ಸೇರಿ 7 ಕಳೆದರೆ ಮೇಜಿಗೆ 51 ಸೆಂ.ಮೀ. ಮೇಜು ಕಿರಿದಾಯ್ತು ಅನಿಸಬಹುದು. ಆದರೆ ಮಾನಿಟರ್ ಹಿಂದಿನ ಹಲಗೆಗೇ ಅಂಟಿಕೊಂಡಂತೆ ಕೂತಿದೆ, ಅದಕ್ಕೆ ಕಾಲಿಲ್ಲ. ನಾನು ಕೂರುವುದು ಮೇಜಿನ ಅಂಚಿನಿಂದ ಸ್ವಲ್ಪ ಹಿಂದೆ. ಹಾಗಾಗಿ ಕಣ್ಣಿಗೂ ಪರದೆಗೂ ನಡುವೆ 60 ಸೆಂ.ಮೀ. ಸಿಗುತ್ತದೆ, ಕೈ ಚಾಚಿದರೆ ಬೆರಳು ತಾಗುವಷ್ಟು ದೂರ. ಮಾನಿಟರ್ ಹಿಡಿಯುವ ಜಾಗದಲ್ಲಿ ಮಾತ್ರ 18 ಮಿ.ಮೀ. ಪ್ಲೈ ಬೇಕು. ಕಪಾಟಿನ ಬೆನ್ನಿಗೆ ಹಾಕುವ 6 ಮಿ.ಮೀ. ಪ್ಲೈಗೆ ಸ್ಕ್ರೂ ಹೊಡೆದರೆ ಅದು ಕಿತ್ತು ಬರುತ್ತದೆ.

ಕಾಲಿನ ಜಾಗವನ್ನು ತುಂಬ ಜನ ಮರೆಯುತ್ತಾರೆ. ಕಪಾಟು ಅಂದರೆ ಕೆಳಗೆ ನಾಲ್ಕು ಇಂಚು ಎತ್ತರದ ಪೀಠ, ಅದರ ಮೇಲೆ ಡ್ರಾಯರು ಅಂತ ಕೈಗೆ ಬಂದ ರೂಢಿ. ಆಫೀಸಿನ ಭಾಗದಲ್ಲಿ ಎರಡೂ ಇರಬಾರದು. ಪೀಠ ಇದ್ದರೆ ಪಾದ ಅದಕ್ಕೆ ಬಡಿಯುತ್ತದೆ, ಕುರ್ಚಿ ಒಳಗೆ ಸರಿಯುವುದಿಲ್ಲ, ನೀವು ಬೆನ್ನು ಬಗ್ಗಿಸಿ ಮುಂದಕ್ಕೆ ವಾಲುತ್ತೀರಿ. ನಮ್ಮಲ್ಲಿ ಆ ಭಾಗದ ಒಳಗೂ ಕೋಣೆಯ ಕೆಂಪು ಕಾವಿ ನೆಲವೇ ಮುಂದುವರಿದಿದೆ. ಗುಡಿಸಿ ಒರೆಸುವುದಕ್ಕೂ ಸುಲಭ.

ಮೇಜಿನ ಎತ್ತರದ ಬಗ್ಗೆ ನಮ್ಮ ಮರದ ಕೆಲಸದ ಆಚಾರ್ರ ಹತ್ತಿರ ಸಣ್ಣ ಜಟಾಪಟಿಯೇ ಆಯ್ತು.

"ಅಕ್ಕ, ಟೇಬಲ್ ಅಂದ್ರೆ 30 ಇಂಚು. ಅದಕ್ಕಿಂತ ಕಡಿಮೆ ಮಾಡಿದ್ರೆ ಮಕ್ಕಳ ಟೇಬಲ್ ಆಗ್ತದೆ."

"ನಾನು ಉದ್ದ ಇರುವುದೇ ಅಷ್ಟು ಆಚಾರ್ರೇ, ಎಂತ ಮಾಡುವುದು?"

30 ಇಂಚು ಅಂದರೆ 76 ಸೆಂ.ಮೀ. ನನ್ನ ಎತ್ತರ 5 ಅಡಿ 2 ಇಂಚು. ಕುರ್ಚಿಯಲ್ಲಿ ಪಾದ ನೆಲಕ್ಕೆ ಪೂರ್ತಿ ಊರಿ, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿ ಕೂತು ಅಳೆದರೆ ಮೊಣಕೈಯಿಂದ ನೆಲಕ್ಕೆ 66 ಸೆಂ.ಮೀ. ಬಂತು. ಅಂದರೆ ಮಾಮೂಲಿ ಮೇಜು ನನಗೆ 10 ಸೆಂ.ಮೀ. ಎತ್ತರ. ಇಡೀ ದಿನ ಭುಜ ಎತ್ತಿಕೊಂಡೇ ಟೈಪು ಮಾಡಬೇಕು, ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕುರ್ಚಿಯನ್ನು ಎತ್ತರ ಮಾಡಿದರೆ ಕಾಲು ನೇತಾಡುತ್ತದೆ. ಕೊನೆಗೆ 26.5 ಇಂಚಿಗೆ ಒಪ್ಪಿದರು, ಅಂದರೆ 67 ಸೆಂ.ಮೀ. ಹಲಗೆಯ ದಪ್ಪ ಕಳೆದರೂ ತೊಡೆಗೆ ಜಾಗ ಉಂಟು. ನಮ್ಮ ಯಜಮಾನರು 5 ಅಡಿ 10 ಇಂಚು, ಭಾನುವಾರ ಅಲ್ಲಿ ಕೂತು ಬ್ಯಾಂಕಿನ ಕೆಲಸ ಮಾಡುವಾಗ ಗೊಣಗುತ್ತಾರೆ. ಗೊಣಗಲಿ. ದಿನಕ್ಕೆ ಎಂಟು ಗಂಟೆ ಕೂರುವವರ ಅಳತೆಗೆ ಮೇಜು ಮಾಡಬೇಕು ಅನ್ನುವುದು ನನ್ನ ವಾದ.

ಪ್ಲೈವುಡ್ಡಿನ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ಆನ್‌ಲೈನ್‌ನಲ್ಲಿ ಬರುವ ಸಿದ್ಧ ಮೇಜುಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡು ಅಥವಾ ಎಂಡಿಎಫ್. ನೋಡಲು ನುಣುಪು. ಆದರೆ ಸ್ಕ್ರೂ ತೂತಿನಿಂದ, ಅಂಚಿನಿಂದ ತೇವ ಒಳಗೆ ಹೋದರೆ ಊದಿಕೊಳ್ಳುತ್ತದೆ, ಆಮೇಲೆ ಒಣಗಿದರೂ ಹಳೆಯ ದಪ್ಪಕ್ಕೆ ಬರುವುದಿಲ್ಲ. ಕರಾವಳಿಗೆ ಐಎಸ್ 710 ಅಂತ ಮುದ್ರೆ ಇರುವ ಮೆರೈನ್ ಪ್ಲೈ ಸರಿ. ಐಎಸ್ 303 ಮುದ್ರೆಯ ಮಾಮೂಲಿ ಎಂಆರ್ ಪ್ಲೈ ಒಣ ಊರಿಗೆ ಆಗುತ್ತದೆ. ಇನ್ನೊಂದು, ಕಾಣುವ ಅಂಚಿಗೆ ಮಾತ್ರ ಪಟ್ಟಿ ಅಂಟಿಸುವ ಅಭ್ಯಾಸ ಉಂಟು. ಹಿಂದಿನ ಅಂಚು, ಕೆಳಗಿನ ಅಂಚು, ವಯರಿಗೆ ಕೊರೆದ ತೂತಿನ ಒಳಗೋಡೆ, ಇವುಗಳಿಗೂ ಪಟ್ಟಿಯೋ ವಾರ್ನಿಷೋ ಬೇಕು. ತೇವ ಹೋಗುವುದು ಅಲ್ಲಿಂದಲೇ. 4 ಅಡಿ ಉದ್ದದ ಹಲಗೆ ನಡುವೆ ಬಾಗದ ಹಾಗೆ ಮುಂದಿನ ಅಂಚಿನ ಕೆಳಗೆ ಒಂದು ಗಟ್ಟಿ ಮರದ ರೀಪು ಕೊಡಿಸಿ. ಹಿಂಜ್ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ. ಉಪ್ಪು ಗಾಳಿಗೆ ಬೇರೆ ಹಿಂಜುಗಳು ತುಕ್ಕು ಹಿಡಿದು ಕಿರುಗುಟ್ಟುತ್ತವೆ.

ಇನ್ನು ಬಾಗಿಲು. ನಿಜವಾಗಿ ತಲೆ ತಿಂದದ್ದು ಇದೇ. ಸರಿಯುವ ಬಾಗಿಲು ಹಾಕಿದರೆ ಯಾವಾಗಲೂ ಅರ್ಧ ಭಾಗವೇ ತೆರೆಯುತ್ತದೆ, 4 ಅಡಿ ಮೇಜಿನಲ್ಲಿ 2 ಅಡಿ ಬಾಗಿಲ ಹಿಂದೆ. ಮಾಮೂಲಿ ಬಾಗಿಲು ಹಾಕಿದರೆ ತೆರೆದಾಗ ಎರಡೂ ಬದಿಗೆ ನೇರ ನಿಂತು, ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗೆ ಕಿಟಕಿಯ ಬೆಳಕನ್ನೇ ತಡೆಯುತ್ತದೆ. ಕಪಾಟಿನ ಬದಿಯೊಳಗೇ ಹಿಂದೆ ಸರಿದು ಅಡಗುವ ಬಾಗಿಲೂ ಉಂಟು. ತುಂಬ ಚಂದ, ಆದರೆ ದುಬಾರಿ. ಅದಕ್ಕೆ ಎರಡೂ ಕಡೆ ಜಾಗವೂ ಹೋಗುತ್ತದೆ, ಒಳಗಿನ ಹಳಿಗೆ ನಮ್ಮ ಉಪ್ಪು ಗಾಳಿ ಏನು ಮಾಡುತ್ತದೋ ಅನ್ನುವ ಭಯ ಬೇರೆ.

ನಾವು ಹಾಕಿಸಿದ್ದು 165 ಡಿಗ್ರಿ ತೆರೆಯುವ ಹಿಂಜ್. ಕಿಟಕಿ ಬದಿಯ ಬಾಗಿಲು ಗೋಡೆಗೆ ಒರಗಿ ನಿಲ್ಲುತ್ತದೆ, ಕಿಟಕಿ ಅಲ್ಲಿಂದ ಸ್ವಲ್ಪ ಆಚೆ ಶುರುವಾಗುವುದರಿಂದ ಬೆಳಕಿಗೆ ಅಡ್ಡಿಯಿಲ್ಲ. ಇನ್ನೊಂದು ಬಾಗಿಲು ಹೆಚ್ಚುಕಡಿಮೆ ಪೂರ್ತಿ ಹಿಂದೆ ಹೋಗಿ ಪಕ್ಕದ ಬಟ್ಟೆ ಕಪಾಟಿನ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಇದರಲ್ಲಿ ಒಂದು ಉಪದ್ರ ಉಂಟು. ಆಫೀಸು ತೆರೆದಿರುವಷ್ಟು ಹೊತ್ತು ಆ ಬಟ್ಟೆ ಕಪಾಟು ತೆರೆಯುವುದಿಲ್ಲ. ಅದರಲ್ಲಿರುವುದು ಇವರ ಶರ್ಟುಗಳು. ಬೆಳಿಗ್ಗೆ ಒಂಬತ್ತರ ಒಳಗೆ ಶರ್ಟು ತೆಗೆದಿಟ್ಟುಕೊಳ್ಳದಿದ್ದರೆ ನನ್ನ ಮೀಟಿಂಗಿನ ನಡುವೆ ಬಾಗಿಲು ಅರ್ಧ ಮುಚ್ಚಿ, ಬಗ್ಗಿ, ಕ್ಯಾಮೆರಾದ ಕೆಳಗಿನಿಂದ ಕೈ ಹಾಕಬೇಕು. ನಿಮ್ಮಲ್ಲಿ ಹೀಗೆ ಮಾಡಿಸುವುದಾದರೆ ಪಕ್ಕದ ಭಾಗದಲ್ಲಿ ಚಳಿಯ ಕಂಬಳಿ, ಹೆಚ್ಚಿನ ಹೊದಿಕೆ ಇಂಥದ್ದನ್ನು ಇಡಿ.

ಬಾಗಿಲಿನ ಹೊರಗೆ ಕನ್ನಡಿ ಹಾಕಿಸುವ ಆಸೆ ಇತ್ತು, ಬಿಟ್ಟೆ. ಕನ್ನಡಿಯ ಹಿಂದಿನ ಲೋಹದ ಲೇಪ ವೈಫೈಯನ್ನು ತಡೆಯುತ್ತದೆ, ಮತ್ತು ನಮ್ಮ ರೂಟರು ಇರುವುದು ಇದೇ ಕಪಾಟಿನೊಳಗೆ. ಪ್ಲೈವುಡ್ಡಿನ ಬಾಗಿಲಾದರೆ ಅಷ್ಟು ತೊಂದರೆ ಇಲ್ಲ. ಸ್ಟೀಲಿನ ಬೀರುವಾದರೆ ಕೇಳುವುದೇ ಬೇಡ.

ರೂಟರು ಒಳಗೇ ಯಾಕೆ ಅಂದರೆ ಬೂಷ್ಟಿನ ಕಾರಣಕ್ಕೆ. ಗಾಳಿ ಎಷ್ಟು ತೇವವನ್ನು ಹಿಡಿದಿಟ್ಟುಕೊಳ್ಳಬಹುದು ಅನ್ನುವುದು ಅದರ ಬಿಸಿಯ ಮೇಲೆ ಹೋಗುತ್ತದೆ. ಜುಲೈಯಲ್ಲಿ ಕೋಣೆ 27 ಡಿಗ್ರಿ, ತೇವಾಂಶ ಶೇ. 90 ಅಂತ ಇಟ್ಟುಕೊಳ್ಳಿ. ಅದೇ ಗಾಳಿಯನ್ನು ಎರಡು ಡಿಗ್ರಿ ಬೆಚ್ಚಗೆ ಮಾಡಿದರೆ, ನೀರು ಒಂದು ಹನಿಯೂ ಕಡಿಮೆಯಾಗದೆ, ತೇವಾಂಶ ಶೇ. 80ರ ಹತ್ತಿರ ಇಳಿಯುತ್ತದೆ. ಬೂಷ್ಟು ಜೋರಾಗಿ ಬೆಳೆಯುವುದು 80ರ ಮೇಲೆ. ಒಂದು ರೂಟರು ಹಗಲು ರಾತ್ರಿ ಸುಮಾರು 8-10 ವ್ಯಾಟ್ ಬಿಸಿ ಬಿಡುತ್ತಲೇ ಇರುತ್ತದೆ. ಮುಚ್ಚಿದ ಕಪಾಟಿನೊಳಗೆ ಅಷ್ಟು ಬಿಸಿ ಸ್ವಲ್ಪ ಕೆಲಸ ಮಾಡುತ್ತದೆ. ಹಿಂದೆ ಕ್ಯಾಮೆರಾ ಇಡುವ ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿಡುತ್ತಿದ್ದರಲ್ಲ, ಲೆನ್ಸಿಗೆ ಫಂಗಸ್ ಬಾರದಿರಲಿ ಅಂತ, ಇದೂ ಅದೇ ಉಪಾಯ. ರೂಟರನ್ನು ಕೆಳಗಡೆ, ಮೇಜಿನ ಅಡಿಯ ಬದಿ ಹಲಗೆಗೆ ಕೂರಿಸಿದ್ದೇವೆ. ಬಿಸಿ ಗಾಳಿ ಮೇಲೇರುವುದರಿಂದ ಕೆಳಗೆ ಇಟ್ಟರೇ ಲಾಭ ಜಾಸ್ತಿ.

ಬಿಸಿ ಒಂದೇ ಸಾಲದು, ಆ ಗಾಳಿ ಹೊರಗೂ ಹೋಗಬೇಕು. ಬಾಗಿಲಿನ ಮೇಲೆ ಒಂದು ಗೇಣು, ಕೆಳಗೆ ಒಂದು ಗೇಣು ಓರೆ ಪಟ್ಟಿಯ ಲೂವರ್ ಇದೆ. ಪಟ್ಟಿಗಳು ಓರೆಯಾಗಿರುವುದರಿಂದ ಒಳಗಿನದ್ದು ಕಾಣುವುದಿಲ್ಲ. ತಣ್ಣನೆ ಗಾಳಿ ಕೆಳಗಿನಿಂದ ಬಂದು, ಬೆಚ್ಚಗಾಗಿ, ಮೇಲಿನಿಂದ ಹೋಗುತ್ತದೆ. ಮೇಜಿನ ಹಲಗೆ ಹಿಂದಿನ ಪ್ಲೈಗೆ ತಾಗಿದರೆ ಈ ದಾರಿ ಕಟ್ಟಾಗುತ್ತದೆ, ಹಾಗಾಗಿ ಅಲ್ಲಿ ಎರಡು ಬೆರಳು ಸಂದು. ವಯರುಗಳು ಇಳಿಯುವುದೂ ಅದರಲ್ಲೇ. ಲೂವರಿನ ಒಳಬದಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹೊಡೆಸಲೇಬೇಕು. ಬೆಚ್ಚಗಿನ, ಕತ್ತಲ, ಯಾರೂ ಮುಟ್ಟದ ಜಾಗ ಅಂದರೆ ಹಲ್ಲಿ, ಜಿರಳೆಗಳಿಗೆ ಛತ್ರ ಕಟ್ಟಿಸಿ ಕೊಟ್ಟ ಹಾಗೆಯೇ. ಹಲ್ಲಿ ಹೋಗಿ ಪ್ಲಗ್ ಬೋರ್ಡಿನೊಳಗೆ ಸೇರಿದರೆ ಅದಕ್ಕೂ ಕಷ್ಟ, ನಮಗೂ ಕಷ್ಟ.

ತೇವ ಹೀರುವ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ. ಬಿಳಿ ಉಪ್ಪಿನಂಥದ್ದು ನೀರು ಹೀರಿ ಡಬ್ಬಿಯ ತಳದಲ್ಲಿ ತುಂಬುತ್ತದೆ. ಒಳ್ಳೆಯದೇ, ಆದರೆ ಲೂವರ್ ಇರುವ ಕಪಾಟಿನಲ್ಲಿ ಅದು ಇಡೀ ಕೋಣೆಯ ತೇವ ಹೀರಲು ಹೊರಟಂತೆ, ಬೇಗ ತುಂಬುತ್ತದೆ. ಆ ನೀರು ಉಪ್ಪುನೀರು. ಲ್ಯಾಪ್‌ಟಾಪಿನ ಮೇಲಿನ ಶೆಲ್ಫಿನಲ್ಲಂತೂ ಇಡಲೇಬೇಡಿ, ಉರುಳಿದರೆ ಕೀಬೋರ್ಡು ಮುಗಿಯಿತು. ನಾನು ಹೆಡ್‌ಫೋನು, ಹಾರ್ಡ್ ಡಿಸ್ಕು ಇವನ್ನು ಒಂದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಆ ಜೆಲ್ ಕೆಲಸ ಮಾಡುವುದು ಮುಚ್ಚಿದ ಸಣ್ಣ ಜಾಗದಲ್ಲಿ ಮಾತ್ರ.

ಬೂಷ್ಟು ಬರುತ್ತಿದೆ ಅಂತ ಮೊದಲು ಹೇಳುವುದು ಮೂಗು. ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ. ಆಮೇಲೆ ಮೇಜಿನ ಅಡಿಭಾಗಕ್ಕೆ ಟಾರ್ಚು ಹಿಡಿದು ನೋಡಿ. ಮೇಲ್ಭಾಗವನ್ನು ದಿನಾ ಒರೆಸುತ್ತೇವೆ, ಅಡಿಯನ್ನು ಯಾರೂ ನೋಡುವುದಿಲ್ಲ. ಅಲ್ಲಿ ಬಿಳಿ ಪುಡಿಯ ಚುಕ್ಕೆಗಳು ಮೊದಲು ಕಾಣಿಸುತ್ತವೆ. ಹೆಡ್‌ಫೋನಿನ ಕಿವಿಯ ಮೆತ್ತೆ, ರೆಕ್ಸಿನ್ ಚೀಲದ ಹಿಡಿ ಇವೂ ಬೇಗ ಹೇಳುತ್ತವೆ. ಒಣ ಬಟ್ಟೆಯಲ್ಲಿ ಕೊಡವಿದರೆ ಬೀಜ ಎಲ್ಲ ಕಡೆ ಹಾರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನು ಹಾಕಿ, ಬಾಗಿಲು ತೆರೆದಿಟ್ಟು ಒಣಗಿಸಬೇಕು.

ವಿದ್ಯುತ್ತಿನ ಲೆಕ್ಕ ಸುಲಭ. ಲ್ಯಾಪ್‌ಟಾಪು 65 ವ್ಯಾಟ್, ಮಾನಿಟರು 25, ರೂಟರು 10, ದೀಪ 10. ಎಲ್ಲ ಸೇರಿ ಅರ್ಧ ಆಂಪಿಯರ್ ಕೂಡ ಇಲ್ಲ, 6 ಆಂಪಿಯರ್ ಸಾಕೆಟ್ ಧಾರಾಳ ಸಾಕು. ಅರ್ತಿಂಗ್ ಮಾತ್ರ ಸರಿ ಇರಬೇಕು. ಮುಖ್ಯವಾದದ್ದು ಬೋರ್ಡು ಎಲ್ಲಿ ಇರಬೇಕು ಅನ್ನುವುದು. ಚಂದ ಕಾಣಲಿ ಅಂತ ಅದನ್ನು ಮಾನಿಟರಿನ ಹಿಂದೆ ಅಡಗಿಸುತ್ತಾರೆ. ನಮ್ಮೂರಿಗೆ ಅದು ಆಗುವುದಿಲ್ಲ. ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಸಂಜೆ ಸಿಡಿಲು ಶುರುವಾಗುವ ಮೊದಲೇ ಪ್ಲಗ್ಗು ಕೀಳಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಸಂದು ತೀರಾ ಸಣ್ಣದು, ಸಿಡಿಲಿಗೆ ಅದು ಅಡ್ಡಿಯೇ ಅಲ್ಲ. ಮತ್ತೆ ಅದು ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ. ಹಾಗಾಗಿ ನಮ್ಮ ಬೋರ್ಡು ಬಲಬದಿಯ ಹಲಗೆಯ ಮುಂಭಾಗದಲ್ಲಿ, ಮೇಜಿಗಿಂತ ಒಂದು ಗೇಣು ಮೇಲೆ, ಬಾಗಿಲು ತೆರೆದ ತಕ್ಷಣ ಕೈಗೆ ಸಿಗುವ ಹಾಗೆ ಇದೆ. ಇಂಟರ್ನೆಟ್ಟಿನ ಫೈಬರ್ ವಯರಿನ ಒಳಗಿನ ಎಳೆ ಗಾಜಿನದ್ದು, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ರೂಟರಿನ ಅಡಾಪ್ಟರ್ ಮಾತ್ರ ಕೀಳಬೇಕು. ಗಾಜಿನದ್ದಾದ್ದರಿಂದಲೇ ಆ ವಯರನ್ನು ಹಿಂಜ್ ಇರುವ ಬದಿಯಿಂದ ತರಬಾರದು. ಬಾಗಿಲಿನ ಸಂದಿಯಲ್ಲಿ ಮಡಚಿ ಮಡಚಿ ಒಂದು ದಿನ ಎಳೆ ತುಂಡಾಗಿ ರೂಟರಿನಲ್ಲಿ ಕೆಂಪು ದೀಪ ಮಿನುಗುತ್ತದೆ. ಹಿಂದಿನ ಖಾಲಿ ಜಾಗದಿಂದ ಅಗಲ ಸುತ್ತಿನಲ್ಲಿ ತನ್ನಿ.

ಬೋರ್ಡಿನಲ್ಲಿ ಎರಡು ಬೇರೆ ಬೇರೆ ಸ್ವಿಚ್ಚು. ಒಂದು ರೂಟರಿಗೆ, ಅದು ಸಿಡಿಲಿನ ಹೊತ್ತು ಬಿಟ್ಟರೆ ಆರುವುದಿಲ್ಲ. ಇನ್ನೊಂದು ಉಳಿದ ಎಲ್ಲದಕ್ಕೂ. ಸಂಜೆ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಎರಡನೆಯ ಸ್ವಿಚ್ಚು ಆರಿಸಿ, ಹೆಡ್‌ಫೋನು ಡಬ್ಬಿಗೆ ಹಾಕಿ ಬಾಗಿಲು ಮುಚ್ಚುವುದು. ಒಂದು ನಿಮಿಷದ ಕೆಲಸ. ಇದಕ್ಕಿಂತ ಜಾಸ್ತಿ ಹೊತ್ತು ಬೇಕಾದರೆ ಮಳೆಗಾಲ ಮುಗಿಯುವ ಮೊದಲೇ ಮುಚ್ಚುವ ಅಭ್ಯಾಸ ಬಿಟ್ಟುಹೋಗುತ್ತದೆ. ಮಾನಿಟರಿನ ವಯರು ಕಳಚುವುದು, ಕೀಬೋರ್ಡು ಎತ್ತಿಡುವುದು, ಹಲಗೆ ಮಡಚುವುದು, ಇವು ಯಾವುದೂ ದಿನಚರಿಯಲ್ಲಿ ಇರಬಾರದು. ಲ್ಯಾಪ್‌ಟಾಪನ್ನು ಬರೀ ಮುಚ್ಚಿಟ್ಟರೆ ನಿದ್ದೆಯಿಂದ ತಾನೇ ಎದ್ದು ಅಪ್‌ಡೇಟ್ ಮಾಡಿಕೊಳ್ಳುತ್ತಾ ಬಿಸಿಯಾಗುತ್ತದೆ. ರಾತ್ರಿ ಹತ್ತೂವರೆಗೆ ಕಪಾಟಿನೊಳಗಿನಿಂದ ಟಿಂಗ್ ಅನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಬಾಗಿಲು ಇದ್ದೂ ಏನು ಪ್ರಯೋಜನ?

ಕುರ್ಚಿಯೊಂದು ಮಾತ್ರ ಕಪಾಟಿನೊಳಗೆ ಅಡಗುವುದಿಲ್ಲ. ಚಕ್ರದ ಆಫೀಸು ಕುರ್ಚಿಯ ಕಾಲಿನ ಹರವೇ 65 ಸೆಂ.ಮೀ. ಇರುತ್ತದೆ. 60ರ ಕಪಾಟಿಗೆ ಅದು ಹೋಗುವ ಮಾತೇ ಇಲ್ಲ. ಊಟದ ಮೇಜಿನ ಮರದ ಕುರ್ಚಿ ಹಿಡಿಸುತ್ತದೆ, ಆದರೆ ಎಂಟು ಗಂಟೆ ಅದರಲ್ಲಿ ಕೂತವರ ಬೆನ್ನು ಉಳಿಯುವುದಿಲ್ಲ. ನಾನು ಬೆನ್ನಿನ ಪಕ್ಷ ವಹಿಸಿದೆ. ತಲೆದಿಂಬು ಇಲ್ಲದ, ಮಧ್ಯಮ ಎತ್ತರದ ಕುರ್ಚಿ. ಕಾವಿ ನೆಲಕ್ಕೆ ಗೀರು ಬೀಳದ ಹಾಗೆ ಗಟ್ಟಿ ನೈಲಾನ್ ಚಕ್ರ ತೆಗೆದು ಮೆತ್ತಗಿನ ಚಕ್ರ ಹಾಕಿಸಿದ್ದೇವೆ. ಸಂಜೆ ಅದನ್ನು ಹೊಸ್ತಿಲು ದಾಟಿಸಿ ಚಾವಡಿಗೆ ತಳ್ಳುತ್ತೇನೆ. ಅಲ್ಲಿ ಅತ್ತೆ ಅದರಲ್ಲಿ ಕೂತು ಧಾರಾವಾಹಿ ನೋಡುತ್ತಾರೆ. "ಈ ಕುರ್ಚಿಗೆ ನಿನ್ನ ಕಂಪನಿಯವರು ದುಡ್ಡು ಕೊಟ್ಟಿದ್ದಾರಾ?" ಅಂತ ಒಮ್ಮೆ ಕೇಳಿದರು. ಇಲ್ಲ ಅಂದೆ. ಅಂದಿನಿಂದ ಅದು ಮನೆಯ ಕುರ್ಚಿ.

ಕಪಾಟಿನ ಆಫೀಸಿನಲ್ಲಿ ಕ್ಯಾಮೆರಾ ಕೋಣೆಯ ಕಡೆಗೆ ನೋಡುತ್ತದೆ ಅನ್ನುವುದೂ ನೆನಪಿರಲಿ. ನಿಮ್ಮ ಬೆನ್ನ ಹಿಂದೆ ಇರುವುದು ಮಂಚ. ಹಿನ್ನೆಲೆ ಮಬ್ಬು ಮಾಡುವ ಸೌಲಭ್ಯ ಇದೆ, ಆದರೆ ಹಿಂದೆ ಯಾರಾದರೂ ಎದ್ದು ಓಡಾಡಿದರೆ ಅದು ಅವರನ್ನು ಅರ್ಧ ಮಾತ್ರ ಮರೆಮಾಡುತ್ತದೆ. ಮಾನಿಟರಿನ ಬ್ರಾಕೆಟ್ ತಿರುಗುವಂಥದ್ದಾದರೆ ಕಿಟಕಿಯ ಕಡೆಗೆ ಕಾಲುಭಾಗ ತಿರುಗಿಸಿ, ನೀವೂ ಹಾಗೆ ಕೂತರೆ ಕಿಟಕಿಯ ಬೆಳಕು ಮುಖಕ್ಕೇ ಬೀಳುತ್ತದೆ, ಹಿಂದೆ ಮಂಚದ ಬದಲು ಖಾಲಿ ಗೋಡೆಯ ಒಂದು ತುಂಡು ಸಿಗುತ್ತದೆ. ಮಳೆಗಾಲದ ಕತ್ತಲೆಗೆ ಮೇಲಿನ ಶೆಲ್ಫಿನ ಮುಂದಿನ ಅಂಚಿನ ಕೆಳಗೆ ಒಂದು ಎಲ್‌ಇಡಿ ಪಟ್ಟಿ ಇದೆ. ಹಿಂದಿನ ಅಂಚಿಗೆ ಹಾಕಿದರೆ ಗೋಡೆ ಬೆಳಗುತ್ತದೆ, ಮುಖ ಕತ್ತಲೆಯಲ್ಲೇ ಇರುತ್ತದೆ.

ಈ ವ್ಯವಸ್ಥೆ ಹಗಲು ಕೆಲಸದವರಿಗೆ ಮಾತ್ರ. ಅಮೆರಿಕದವರ ಜೊತೆ ರಾತ್ರಿ ಒಂಬತ್ತೂವರೆಗೆ ಕಾಲ್ ಇದ್ದರೆ ಈ ಮೂಲೆಯಿಂದ ಏನೂ ಸುಖವಿಲ್ಲ. ಬಾಗಿಲು, ಲೂವರು ಯಾವುದೂ ಮಾತನ್ನು ತಡೆಯುವುದಿಲ್ಲ, ದೀಪವನ್ನೂ ತಡೆಯುವುದಿಲ್ಲ, ಮಂಚದಲ್ಲಿ ಮಲಗಿದವರು ನಿಮ್ಮ ಪ್ರಾಜೆಕ್ಟಿನ ವಿವರ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅಂಥ ದಿನ ನಾನು ಲ್ಯಾಪ್‌ಟಾಪನ್ನು ಮಾತ್ರ ತೆಗೆದುಕೊಂಡು ಚಾವಡಿಗೆ ಹೋಗುತ್ತೇನೆ. ಕುರ್ಚಿ ಹೇಗೂ ಅಲ್ಲೇ ಇರುತ್ತದೆ, ಧಾರಾವಾಹಿ ಮುಗಿದಿದ್ದರೆ ಖಾಲಿಯೂ ಇರುತ್ತದೆ.